ಸೋಮವಾರ ಅವರಿದ್ದರು

ಮುದ್ದೇಬಿಹಾಳದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಜುಲ್ಫಿಕರನ ಫ್ಲೆಕ್ಸ್ ಅಂಗಡಿ. ಅದಕ್ಕೆ ಹೊಂದಿಕೊಂಡ ಕೋಣೆಯಲ್ಲಿ ಭುವನೇಶ್ವರಿ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತಿದ್ದಳು. ಊರಿನ ಎರಡು ಆಸ್ಪತ್ರೆ, ಒಂದು ಬೀಜದಂಗಡಿ, ತಾಳಿಕೋಟೆಯ ಒಂದು ಕಲ್ಯಾಣಮಂಟಪ, ಇವುಗಳ ವೆಬ್‌ಸೈಟುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಕೋಣೆಯನ್ನು ಜುಲ್ಫಿಕರ ಬಾಡಿಗೆಯಿಲ್ಲದೆ ಕೊಟ್ಟಿದ್ದ. ಅದಕ್ಕೆ ಬದಲಾಗಿ ಅವನ ಅಂಗಡಿಯ ಕೆಲಸವನ್ನೂ ಅವಳು ಮಾಡಿಕೊಡಬೇಕಿತ್ತು.

ಅವಳ ಗಂಡ ಚೇತನಕುಮಾರ ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ. ಹೋದ ವರ್ಷ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಎಂದಿನಂತೆ ಬಸ್ ಹತ್ತಿ ಕಿಟಕಿಯ ಪಕ್ಕ ಕೂತ. ಬಾಗೇವಾಡಿ ಬಂದಾಗ ಎಲ್ಲರೂ ಇಳಿದರು, ಇವನು ಇಳಿಯಲಿಲ್ಲ. ನಿದ್ದೆ ಹತ್ತಿರಬೇಕೆಂದು ಕಂಡಕ್ಟರ್ ಭುಜ ಮುಟ್ಟಿ ಎಬ್ಬಿಸಿದ. ಮೈ ಆಗಲೇ ತಣ್ಣಗಾಗಿತ್ತು.

ಆಮೇಲೆ ಭುವನೇಶ್ವರಿ ಅಳಲಿಲ್ಲ. ಬಂದವರು ಅಳುವುದನ್ನು ನೋಡಿದಳು, ಅವರಿಗೆ ನೀರು ಕೊಟ್ಟಳು. ಮಣ್ಣು ಮಾಡಿ ಬಂದ ಮೇಲೆ ಯಾರೋ ಊಟಕ್ಕೆ ಎಬ್ಬಿಸಿದರು, ಉಂಡಳು. ಕೆಲವು ದಿನಗಳ ನಂತರ ಕೋಣೆಗೆ ಬಂದು ಲ್ಯಾಪ್‌ಟಾಪ್ ತೆರೆದಳು. ಅತ್ತೆ ರುಕ್ಮವ್ವ ಮೊದಲಿಗೆ, ‘ಗಟ್ಟಿಗಿತ್ತಿ ಅದಾಳ’ ಎಂದು ಬಂದವರಿಗೆ ಹೇಳುತ್ತಿದ್ದಳು. ಬರಬರುತ್ತ ಹಾಗೆ ಹೇಳುವುದನ್ನು ಬಿಟ್ಟಳು.

ತಾರೀಖಿನ ಕೆಲಸ ಶುರುವಾದದ್ದು ನವೆಂಬರಿನಲ್ಲಿ. ಜುಲ್ಫಿಕರ ಚಹಾ ತಂದಿಟ್ಟು ಬಾಗಿಲಲ್ಲೇ ನಿಂತ.

“ಅಕ್ಕಾರ, ಶ್ರದ್ಧಾಂಜಲಿ ಫ್ಲೆಕ್ಸಿನ್ಯಾಗ ಎಲ್ಲಾ ಕನ್ನಡ ಇರ್ತೈತಿ, ತಾರೀಖ ಒಂದ ಇಂಗ್ಲಿಷ್ ಅಂಕಿ. ಮಂದಿ ಕನ್ನಡ ಅಂಕಿ ಕೇಳಾಕತ್ತಾರ. ನಮ್ಮ ಹುಡುಗ್ರು ಕೈಲೆ ಟೈಪ್ ಮಾಡಿದ್ರ ಆರಕ್ಕ ಒಂಬತ್ತ ಹಾಕ್ತಾರ, ಒಂಬತ್ತಕ್ಕ ಆರ. ತಾನ ಬರೂಹಂಗ ಮಾಡಾಕ ಬರ್ತೈತೇನ್ರಿ?”

“ಬರ್ತೈತಿ” ಎಂದಳು ಅವಳು.

ಅಂಗಡಿಯ ವ್ಯವಸ್ಥೆಯನ್ನು ಅವಳೇ ಕಟ್ಟಿದ್ದಳು. ಗಿರಾಕಿಗೆ ಫೋನಿನಲ್ಲಿ ಒಂದು ಲಿಂಕ್ ಹೋಗುತ್ತದೆ. ಅವರು ಫೋಟೋ ಹಾಕಿ, ಹೆಸರು ಬರೆದು, ಹುಟ್ಟಿದ ಮತ್ತು ತೀರಿಕೊಂಡ ದಿನಗಳನ್ನು ಆರಿಸುತ್ತಾರೆ. ಫೋನಿನಲ್ಲೇ ಒಂದು ಮಾದರಿ ಕಾಣುತ್ತದೆ. ಒಪ್ಪಿದರೆ ಆ ಮಾಹಿತಿ ಬಾಡಿಗೆಯ ಸರ್ವರಿಗೆ ಹೋಗಿ, ಅಲ್ಲಿ ಮುದ್ರಣದ ಕಡತ ತಯಾರಾಗಿ ಅಂಗಡಿಗೆ ಬರುತ್ತದೆ. ತಾರೀಖನ್ನು ಮಾತ್ರ ಇಲ್ಲಿಯವರೆಗೆ ಅಂಗಡಿಯ ಹುಡುಗರು ಕೈಯಿಂದ ಕೂರಿಸುತ್ತಿದ್ದರು.

ಜಾವಾಸ್ಕ್ರಿಪ್ಟಿಗೆ ಕನ್ನಡದ ತಿಂಗಳುಗಳು ಗೊತ್ತು, ಯಾರೂ ಕಲಿಸಬೇಕಿಲ್ಲ. ಭಾಷೆಯ ಜಾಗದಲ್ಲಿ kn-IN ಎಂದು ಕೊಟ್ಟು, ತಿಂಗಳಿನ ಪೂರ್ತಿ ಹೆಸರು ಬೇಕೆಂದು ಕೇಳಿದರೆ ಜನವರಿ, ಫೆಬ್ರವರಿ ಎಂದು ತಾನೇ ಬರೆಯುತ್ತದೆ. ಆದರೆ ಮೊದಲ ಸಲ ಬಂದದ್ದು ‘ನವೆಂಬರ್ 18, 2025’. ಹೆಸರು ಕನ್ನಡ, ಅಂಕಿ ಇಂಗ್ಲಿಷಿನದು. ಕನ್ನಡ ಎಂದಷ್ಟೇ ಹೇಳಿದರೆ ಅದು ಅಂಕಿಗಳನ್ನು ಬದಲಿಸುವುದಿಲ್ಲ, ಕನ್ನಡ ಅಂಕಿಯೇ ಬೇಕೆಂದು ಬೇರೆಯಾಗಿ ಕೇಳಬೇಕು. ಅವಳು kn-IN-u-nu-knda ಎಂದು ಉದ್ದ ಮಾಡಿದಳು. ‘ನವೆಂಬರ್ ೧೮, ೨೦೨೫’ ಬಂತು. ತಿಂಗಳು ಮುಂದೆ, ದಿನ ಹಿಂದೆ ಇರುವುದು ಫ್ಲೆಕ್ಸಿಗೆ ಒಪ್ಪುವುದಿಲ್ಲವೆಂದು ಜುಲ್ಫಿಕರ ತಲೆಯಾಡಿಸಿದ. ದಿನ, ತಿಂಗಳು, ವರ್ಷಗಳನ್ನು ಬಿಡಿಬಿಡಿಯಾಗಿ ಕೊಡುವ ಇನ್ನೊಂದು ದಾರಿಯಿದೆ. ಹಾಗೆ ತೆಗೆದುಕೊಂಡು ತನಗೆ ಬೇಕಾದ ಸಾಲಿನಲ್ಲಿ ಜೋಡಿಸಿದಳು.

೧೮ ನವೆಂಬರ್ ೨೦೨೫.

“ಹಾಂ! ಈಗ ನೋಡ್ರಿ ಹೆಂಗ ಐತಿ!” ಎಂದು ಜುಲ್ಫಿಕರ ಹಿಗ್ಗಿದ. ಭುವನೇಶ್ವರಿ ತನ್ನ ಲ್ಯಾಪ್‌ಟಾಪಿನಲ್ಲಿ ನಾಲ್ಕಾರು ತಾರೀಖುಗಳನ್ನು ಹಾಕಿ ನೋಡಿದಳು. ಎಲ್ಲವೂ ಸರಿಯಿದ್ದವು. ಸರ್ವರಿಗೆ ಏರಿಸಿ, ಆರಿಹೋಗಿದ್ದ ಚಹಾ ಕುಡಿದಳು.

ಡಿಸೆಂಬರಿನಲ್ಲಿ ಚೇತನಕುಮಾರನ ವರ್ಷ ಬಂತು. ಅವಳು ಹೇಳದಿದ್ದರೂ ಜುಲ್ಫಿಕರನೇ ಲಿಂಕ್ ತೆರೆದು ಮಾಹಿತಿ ತುಂಬಿ, ದೊಡ್ಡದೊಂದು ಫ್ಲೆಕ್ಸ್ ಮಾಡಿಸಿ ಅವರ ಓಣಿಯ ತಿರುವಿನ ಕಂಬಕ್ಕೆ ಕಟ್ಟಿಸಿದ. ‘ಪ್ರಥಮ ವರ್ಷದ ಪುಣ್ಯಸ್ಮರಣೆ’. ಬಿಳಿ ಅಂಗಿ ತೊಟ್ಟ ಚೇತನಕುಮಾರ ಅರೆನಗುತ್ತ ಓಣಿಯನ್ನು ನೋಡುತ್ತಿದ್ದ. ಭುವನೇಶ್ವರಿ ಬೆಳಿಗ್ಗೆ ಅದರ ಕೆಳಗೆ ಕೆಲಸಕ್ಕೆ ಹೋಗುತ್ತಿದ್ದಳು, ಸಂಜೆ ಅದರ ಕೆಳಗೇ ಬರುತ್ತಿದ್ದಳು.

*

ಜನವರಿಯಲ್ಲಿ ಒಂದು ಮಧ್ಯಾಹ್ನ ನಾಲತವಾಡದ ಸಿದ್ದಲಿಂಗವ್ವ ಅಂಗಡಿಗೆ ಬಂದಳು. ಎಪ್ಪತ್ತರ ಹತ್ತಿರದ ಹೆಂಗಸು. ಸುರುಳಿ ಸುತ್ತಿದ ಫ್ಲೆಕ್ಸನ್ನು ಕಂಕುಳಲ್ಲಿ ಹಿಡಿದು ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಕುಂಕುಮವಿಲ್ಲದ ಹಣೆ, ಮೂಗಿನ ಮೇಲೆ ಹೊಚ್ಚಹೊಸ ಚಾಳೀಸು.

“ಇದನ್ನ ಯಾರ ಬರದಾರ?” ಎಂದಳು.

ಜುಲ್ಫಿಕರ ಎದ್ದು ಕುರ್ಚಿ ಕೊಟ್ಟ. “ಕುಂದರ್ರಿ ಯವ್ವಾ. ಏನಾತ್ರಿ?”

ಅವಳು ಕೂರಲಿಲ್ಲ. ಫ್ಲೆಕ್ಸನ್ನು ನೆಲದ ಮೇಲೆ ಬಿಡಿಸಿದಳು. ತಲೆಗೆ ಪಟಕಾ ಸುತ್ತಿದ ಅವಳ ಗಂಡ ಬಸಂತರಾಯರ ಚಿತ್ರ. ಅದರ ಕೆಳಗೆ ಜನನ, ಮರಣ. ಸಿದ್ದಲಿಂಗವ್ವ ಬಗ್ಗಿ ಎರಡನೆಯ ಸಾಲಿನ ಮೇಲೆ ಬೆರಳಿಟ್ಟಳು. ‘ಮರಣ: ೫ ಜನವರಿ ೨೦೨೬’.

“ನಮ್ಮ ಯಜಮಾನ್ರು ತೀರಿಕೊಂಡಿದ್ದು ಮಂಗಳವಾರ, ಆರನೇ ತಾರೀಖ. ನೀವು ಐದ ಬರದೀರಿ.”

“ನಿಮ್ಮ ಮನ್ಯಾವ್ರ ತಪ್ಪ ಹಾಕಿರಬೇಕ್ರಿ. ನಮ್ಮ ಕಡೆ ಯಾರೂ ಕೈಲೆ ಬರಿಯೂದಿಲ್ಲ.”

“ನನ್ನ ಮಗಳು ಸಿಂದಗಿಂದ ಬರದ ಕಳಸ್ಯಾಳ. ಅಪ್ಪ ಸತ್ತ ದಿನಾ ಮಗಳಿಗೆ ಗೊತ್ತಿರೂದಿಲ್ಲೇನು?”

ಜುಲ್ಫಿಕರ ತನ್ನ ಫೋನಿನಲ್ಲಿ ಆ ಲಿಂಕ್ ತೆರೆದು ನೋಡಿದ. ಮಾದರಿಯಲ್ಲಿ ‘೬ ಜನವರಿ ೨೦೨೬’ ಎಂದೇ ಇತ್ತು. ನೆಲದ ಮೇಲಿದ್ದ ಫ್ಲೆಕ್ಸಿನಲ್ಲಿ ೫. ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದ. ಪಕ್ಕದ ಕೋಣೆಯತ್ತ ತಿರುಗಿ, “ಅಕ್ಕಾರ, ಸ್ವಲ್ಪ ಬರ್ರಿಲ್ಲೆ” ಎಂದು ಕರೆದ.

ಭುವನೇಶ್ವರಿ ಬಂದು ಫ್ಲೆಕ್ಸಿನ ಪಕ್ಕ ನಿಂತಳು. ಎರಡನ್ನೂ ನೋಡಿ, “ಒಂದ ದಿನದ ಫರಕ್ ಐತಿ. ಸರಿ ಮಾಡಿ ಹೊಸಾದು ಕೊಡ್ತೇವ್ರಿ” ಎಂದಳು. ದನಿಯಲ್ಲಿ ಏರಿಳಿತವಿರಲಿಲ್ಲ.

“ಒಂದ ದಿನ ಅಂತೀಯಲ್ಲ ತಂಗಿ” ಎಂದಳು ಸಿದ್ದಲಿಂಗವ್ವ. ಸಿಟ್ಟಿನ ಮಾತಲ್ಲ, ಮೆಲ್ಲಗೆ ಹೇಳಿದಳು. “ಸೋಮವಾರ ಅವ್ರು ಇದ್ರು. ಇಬ್ರೂ ಕೂಡಿ ತಾಳಿಕೋಟಿಗೆ ಹೋಗಿದ್ವಿ. ಈ ಚಾಳೀಸ ಅವತ್ತ ಕೊಡಿಸಿದ್ರು. ಅಂಗಡ್ಯಾಂವ ಹಲಗಿ ತೋರ್ಸಿ ಓದು ಅಂದಾಗ ನಾ ಓದಿದ್ದಕ್ಕ ನಕ್ಕಿದ್ರು. ಬರೂವಾಗ ಬಸ್ಸಿನ್ಯಾಗ ಬಾಜು ಕುಂತು ಶೇಂಗಾ ತಿಂದೇವಿ. ನೀವು ಹಲಗಿ ಕಟ್ಟಿ ಊರಿಗೆಲ್ಲಾ ಹೇಳಾಕತ್ತೀರಿ, ಅವತ್ತ ಅವ್ರು ಇರಲಿಲ್ಲ ಅಂತ.”

ಜುಲ್ಫಿಕರ ನೆಲ ನೋಡಿದ. ಕೆಲಸದ ಮಾತು ಬಂದರೆ ಭುವನೇಶ್ವರಿಗೆ ಹಗುರಾಗುತ್ತಿತ್ತು. ಅದಕ್ಕೇ ಬಗ್ಗಿ ಫ್ಲೆಕ್ಸನ್ನೇ ನೋಡಿದಳು. ಆಗ ಮೊದಲ ಸಾಲು ಕಣ್ಣಿಗೆ ಬಿತ್ತು. ‘ಜನನ: ೩೧ ಮೇ ೧೯೫೪’.

“ಅವರ ಹುಟ್ಟಿದ ತಾರೀಖ ಇದ ಏನ್ರಿ?”

“ಹುಟ್ಟಿದ್ದು ಯಾರಿಗ್ಗೊತ್ತವಾ? ಸಾಲ್ಯಾಗ ಮಾಸ್ತರು ಜೂನ್ ಒಂದು ಅಂತ ಬರಕೊಂಡಾರ. ನಮ್ಮ ಊರಾಗ ಎಲ್ಲಾರೂ ಜೂನ್ ಒಂದಕ್ಕ ಹುಟ್ಟಿದವ್ರ.”

ಅದು ಭುವನೇಶ್ವರಿಗೂ ಗೊತ್ತಿದ್ದದ್ದೇ. ಈ ತಾಲೂಕುಗಳಲ್ಲಿ ಆ ಕಾಲದವರು ಯಾರನ್ನು ಕೇಳಿದರೂ ಹುಟ್ಟಿದ್ದು ಜೂನ್ ಒಂದಕ್ಕೆ. ಮೇ ಮೂವತ್ತೊಂದು ಯಾವ ಮಾಸ್ತರೂ ಬರೆಯುವ ತಾರೀಖಲ್ಲ. ಹಾಗಿದ್ದರೆ ತಪ್ಪಿದ್ದು ಸಾವಿನ ದಿನ ಒಂದೇ ಅಲ್ಲ, ಎರಡೂ. ಎರಡೂ ಒಂದೊಂದೇ ದಿನ ಹಿಂದೆ ಸರಿದಿದ್ದವು. ಯಾರೋ ತಪ್ಪು ಒತ್ತಿದರೆ ಹೀಗಾಗುವುದಿಲ್ಲ.

ಕೋಣೆಗೆ ಹೋಗಿ ಸರ್ವರಿನಲ್ಲಿ ಉಳಿದಿದ್ದ ಮಾಹಿತಿಯನ್ನು ತೆರೆದಳು. ಬಸಂತರಾಯರ ಸಾವಿನ ಎದುರು ಇದ್ದದ್ದು ಜನವರಿ ಐದು, ಹದಿನೆಂಟೂವರೆ ಗಂಟೆ, ಯುಟಿಸಿ. ಅವಳಿಗೆ ಅರ್ಥವಾಯಿತು.

ಹಿಂದೆ ಬಂದು ನಿಂತಿದ್ದ ಜುಲ್ಫಿಕರನಿಗೆ, “ಮಗಳು ಫೋನಿನ್ಯಾಗ ಆರು ಅಂತ ಒತ್ಯಾಳ” ಎಂದು ಹೇಳತೊಡಗಿದಳು. “ನಾ ಬರದ ಕೋಡ್ ಅದನ್ನ ನಮ್ಮ ದೇಶದ ಆರನೇ ತಾರೀಖಿನ ಶುರು, ಅಂದ್ರ ನಡುರಾತ್ರಿ ಹನ್ನೆರಡು, ಅಂತ ತಗೊಂಡೈತಿ. ಕಳಿಸೂವಾಗ ಅದು ಯುಟಿಸಿಗೆ, ಅಂದ್ರ ಜಗತ್ತಿಗೆಲ್ಲಾ ಒಂದ ಇರೂ ವ್ಯಾಳ್ಯಾಕ್ಕ, ಬದಲಾಗ್ತೈತಿ. ನಾವು ಅದಕ್ಕಿಂತ ಐದೂವರಿ ತಾಸು ಮುಂದ ಅದೇವಿ. ನಮ್ಮಲ್ಲಿ ಆರು ಶುರು ಆದಾಗ ಅಲ್ಲಿ ಇನ್ನೂ ಐದನೇ ತಾರೀಖಿನ ಸಂಜಿ.”

“ಮತ್ತ ಫೋನಿನ್ಯಾಗ ಆರು ಅಂತ ಯಾಕ ಬರ್ತೈತ್ರಿ?”

“ಫೋನಿನ ಗಡಿಯಾರ ನಮ್ಮ ದೇಶದ್ದು. ತೋರ್ಸೂವಾಗ ತಿರುಗಿ ನಮ್ಮ ವ್ಯಾಳ್ಯಾಕ್ಕ ತರ್ತೈತಿ. ನನ್ನ ಲ್ಯಾಪ್‌ಟಾಪೂ ಹಂಗ. ಸರ್ವರ್ ಮುಂಬೈದಾಗ ಇದ್ರೂ ಅದರ ಗಡಿಯಾರ ಯುಟಿಸಿ. ಯಾವ ದೇಶದ ವ್ಯಾಳ್ಯಾ ಅಂತ ನಾ ಹೇಳಲಿಲ್ಲ, ಅದು ತನ್ನದ ತಗೊಂಡೈತಿ.”

ಕನ್ನಡದ ಹೆಸರು, ಕನ್ನಡದ ಅಂಕಿ, ಎಲ್ಲವೂ ಎರಡೂ ಕಡೆ ಸರಿಯಾಗಿಯೇ ಬಂದಿದ್ದವು. ದಿನವೊಂದು ಮಾತ್ರ ಅಲ್ಲಿ ಬೇರೆ. ಅವಳು ತನ್ನ ಲ್ಯಾಪ್‌ಟಾಪಿನಲ್ಲೂ ಆ ಕೋಡಿಗೆ ಯುಟಿಸಿ ವೇಳೆಯನ್ನೇ ಕೊಟ್ಟು ಓಡಿಸಿದಳು. ‘೫ ಜನವರಿ ೨೦೨೬’ ಬಂತು. ಆಮೇಲೆ ತಾರೀಖು ಬರೆಯುವ ಸಾಲಿನಲ್ಲಿ timeZone: 'Asia/Kolkata' ಎಂದು ಸೇರಿಸಿ, ವೇಳೆಯನ್ನು ಬದಲಿಸದೆ ಮತ್ತೆ ಓಡಿಸಿದಳು.

೬ ಜನವರಿ ೨೦೨೬. ಮೇಲಿನ ಸಾಲು, ೧ ಜೂನ್ ೧೯೫೪.

ಸಿದ್ದಲಿಂಗವ್ವ ಬಾಗಿಲಿಗೆ ಬಂದು ಪರದೆಯನ್ನು ಚಾಳೀಸಿನೊಳಗಿಂದ ದಿಟ್ಟಿಸಿದಳು.

“ಆತು. ಇದರ ಜೋಡಿ ವಾರಾನೂ ಹಾಕವಾ. ಅಂಕಿ ತಪ್ಪಿದ್ರ ಯಾರಿಗೂ ತಿಳಿಯೂದಿಲ್ಲ. ವಾರ ಯಾರೂ ಮರಿಯೂದಿಲ್ಲ.”

ವಾರ ಕೇಳುವುದಕ್ಕೂ ಒಂದು ಆಯ್ಕೆಯಿದೆ. ಭುವನೇಶ್ವರಿ ಅದನ್ನೂ ಸೇರಿಸಿದಳು. ಮರಣದ ಮುಂದೆ ‘ಮಂಗಳವಾರ, ೬ ಜನವರಿ ೨೦೨೬’ ಎಂದು ಬಂತು. ಯಂತ್ರ ಸದ್ದುಮಾಡುತ್ತ ಹೊಸ ಫ್ಲೆಕ್ಸನ್ನು ಹೊರಹಾಕುವಷ್ಟು ಹೊತ್ತು ಸಿದ್ದಲಿಂಗವ್ವ ಕುರ್ಚಿಯ ಮೇಲೆ ಕೂತು ಚಹಾ ಕುಡಿದಳು. ಹೋಗುವಾಗ ಹಳೆಯದನ್ನೂ ಕೇಳಿ ತೆಗೆದುಕೊಂಡಳು.

“ಅದು ಯಾಕ್ರಿ?” ಎಂದ ಜುಲ್ಫಿಕರ.

“ಫೋಟೋ ಐತಲ್ಲಪ್ಪಾ. ಕಸದಾಗ ಒಗಿಯಾಕ ಬರ್ತೈತೇನು?”

*

ಅವಳು ಹೋದ ಮೇಲೆ ಭುವನೇಶ್ವರಿ, ತಾರೀಖಿನ ಕೋಡ್ ಏರಿಸಿದಾಗಿನಿಂದ ಅಚ್ಚಾದ ಫ್ಲೆಕ್ಸುಗಳನ್ನು ತೆರೆದು ನೋಡತೊಡಗಿದಳು. ಎಲ್ಲವೂ ಒಂದು ದಿನ ಹಿಂದೆ. ದೇವರ ಹಿಪ್ಪರಗಿಯ ಒಬ್ಬಳು ಮುದುಕಿ, ಇಂಡಿ ಊರಿನ ಒಬ್ಬ ನಿವೃತ್ತ ತಲಾಠಿ, ಊರಿನದೇ ಕೆಲವರು, ನಡುವೆ ಒಂದು ಮಗುವಿನ ಮೊದಲ ಹುಟ್ಟುಹಬ್ಬ. ಕೆಳಗೆ ಕೆಳಗೆ ಹೋದಂತೆ ಹೆಸರುಗಳು ಹಳೆಯವಾದವು. ಎಲ್ಲಕ್ಕಿಂತ ಮೊದಲಿನ ಕೆಲವರಲ್ಲಿ ಚೇತನಕುಮಾರನ ಹೆಸರಿತ್ತು.

ಅವಳು ಅದನ್ನು ತೆರೆಯಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಮನೆಯ ಕಡೆ ನಡೆದಳು. ಇನ್ನೂ ಬಿಸಿಲಿತ್ತು. ಓಣಿಯ ತಿರುವಿನಲ್ಲಿ ನಿಂತು ತಲೆಯೆತ್ತಿದಳು. ಒಂದು ಮೂಲೆಯ ಹಗ್ಗ ಸಡಿಲಾಗಿ ಫ್ಲೆಕ್ಸ್ ಗಾಳಿಗೆ ಸ್ವಲ್ಪ ಮಡಚಿಕೊಂಡು, ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಬಿಚ್ಚಿಕೊಂಡಾಗ ಓದಿದಳು.

ಮರಣ: ೧೧ ಡಿಸೆಂಬರ್ ೨೦೨೪.

ಅವನು ಸತ್ತದ್ದು ಹನ್ನೆರಡಕ್ಕೆ, ಗುರುವಾರ. ಇಷ್ಟು ದಿನ ಇದರ ಕೆಳಗೆ ಓಡಾಡಿದ್ದಳು. ಕನ್ನಡ ಅಂಕಿ ಸರಿ ಬರಲೆಂದು ಕೂತು ಬರೆದವಳೂ ಅವಳೇ. ಎದೆಯಲ್ಲಿ ಏನಾದರೂ ಆಗಬಹುದೆಂದು ಸ್ವಲ್ಪ ಹೊತ್ತು ಕಾದಳು. ಏನೂ ಆಗಲಿಲ್ಲ. ಹಿಂದಿನಿಂದ ಬಂದ ಬೈಕಿನವನು ಹಾರ್ನ್ ಹೊಡೆದಾಗ ಪಕ್ಕಕ್ಕೆ ಸರಿದಳು.

ರುಕ್ಮವ್ವ ಒಳಗೆ ಹಿಟ್ಟು ನಾದುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಭುವನೇಶ್ವರಿ ಬಾಗಿಲಲ್ಲೇ ನಿಂತು ಹೇಳಿದಳು.

“ಅತ್ತಿ, ಹೊರಗಿನ ಫ್ಲೆಕ್ಸಿನ್ಯಾಗ ಅವ್ರು ಹೋದ ತಾರೀಖ ತಪ್ಪ ಐತ್ರಿ. ಒಂದ ದಿನ ಮೊದಲ ಬರದೈತಿ.”

ರುಕ್ಮವ್ವನ ಕೈ ನಿಂತಿತು. “ಯಾರ ಬರದ್ರು?”

“ನಾನ ಬರದೇನಿ. ನನ್ನ ಕೋಡಿನ ತಪ್ಪು.”

“ಇಷ್ಟ ದಿನಾ ನೀ ನೋಡಲಿಲ್ಲೇನು?”

“ನೋಡೇನ್ರಿ. ಓದಿಲ್ಲ.”

ರುಕ್ಮವ್ವ ಬೈಯಬಹುದಿತ್ತು. ಬೈಯಲಿಲ್ಲ. ಹಿಟ್ಟಿಗೆ ನೀರು ಚಿಮುಕಿಸಿ, “ಓದಿದ್ದರ ಅತ್ತಾದ್ರೂ ಬದುಕತಿದ್ದಿ” ಎಂದಷ್ಟೇ ಅಂದಳು.

ಮರುದಿನ ಬೆಳಿಗ್ಗೆ ಅವಳು ಒಂದೊಂದೇ ಮನೆಗೆ ಫೋನು ಮಾಡತೊಡಗಿದಳು. ಜುಲ್ಫಿಕರನಿಗೆ ಅದು ಇಷ್ಟವಿರಲಿಲ್ಲ. “ಕೇಳಿ ಬಂದವ್ರಿಗೆ ಕೊಟ್ರ ಸಾಕಿತ್ತಲ್ರಿ ಅಕ್ಕಾರ, ಅಂಗಡಿ ಹೆಸರ ಕೆಡ್ತೈತಿ” ಎಂದ. ಅವಳು ಕೇಳಲಿಲ್ಲ. ಅವನೂ ಆಮೇಲೆ ತಡೆಯದೆ, ಮುದ್ರಣಯಂತ್ರಕ್ಕೆ ಹೊಸ ಸುರುಳಿ ಏರಿಸಿದ.

ಆ ತಲಾಠಿಯ ಮಗ ಎರಡು ಸಲ ಕೇಳಿಸಿಕೊಂಡು, “ಹೋಗ್ಲಿ ಬಿಡ್ರಿ, ಅವತ್ತ ಫ್ಲೆಕ್ಸ್ ತಗದ ಒಗದೇವಿ” ಎಂದ. ಹುಟ್ಟುಹಬ್ಬದ ಮಗುವಿನ ತಾಯಿ ಯಾಸ್ಮಿನ ನಕ್ಕಳು. “ಅದಕ್ಕ ನಮ್ಮ ಭಾವ ಒಂದ ದಿನ ಮೊದಲ ಕೇಕ್ ತಗೊಂಡ ಬಂದ್ರು! ನಾವೆಲ್ಲಾ ಅವರನ್ನ ಚಾಷ್ಟಿ ಮಾಡಿದ್ವಿ.” ದೇವರ ಹಿಪ್ಪರಗಿಯ ಮುದುಕಿಯ ಮಗ, “ನಮಗ ಗೊತ್ತಾಗಿತ್ರಿ. ನಾವ ತಪ್ಪ ಬರದೇವಿ ಅಂತ ನನಗೂ ತಮ್ಮಗೂ ಜಗಳ ಆಗೈತಿ” ಎಂದ. ಭುವನೇಶ್ವರಿ, “ನೀವು ಸರಿ ಬರದೀರಿ. ಈಗ ಫೋನ್ ಮಾಡಿ ತಮ್ಮಗ ಹೇಳ್ರಿ” ಎಂದಳು. ಫೋನು ಇಟ್ಟ ಮೇಲೆ ಅವಳಿಗೆ ಹಸಿವಾಗಿದ್ದು ಗೊತ್ತಾಯಿತು. ಬೆಳಿಗ್ಗೆ ಏನೂ ತಿಂದಿರಲಿಲ್ಲ. ಹಸಿವು ಎಂಬುದು ಹೀಗೆ ತಾನಾಗಿ ಗೊತ್ತಾಗಿ ಬಹಳ ದಿನವಾಗಿತ್ತು.

*

ಚೇತನಕುಮಾರನ ಹೊಸ ಫ್ಲೆಕ್ಸನ್ನು ಜುಲ್ಫಿಕರನೇ ತಂದ. ವರ್ಷ ಮುಗಿದು ತಿಂಗಳಾಯಿತು, ಈಗ್ಯಾಕೆ ಎಂದು ಭುವನೇಶ್ವರಿ ಹೇಳಿದ್ದಳು. ರುಕ್ಮವ್ವ, “ಒಂದ ವಾರ ಇರಲಿ. ಮಂದಿ ಸರಿಯಾಗಿ ಓದಲಿ. ಆಮ್ಯಾಲ ತಗದ ಬಿಡೂಣು” ಎಂದು ಹಟ ಹಿಡಿದಿದ್ದಳು.

ಜುಲ್ಫಿಕರ ಏಣಿ ಹತ್ತಿ ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟಿದ. ಅತ್ತೆ ಸೊಸೆ ಇಬ್ಬರೂ ಕೆಳಗೆ ನಿಂತಿದ್ದರು.

“ಓದವಾ” ಎಂದಳು ರುಕ್ಮವ್ವ.

“ಮರಣ, ಗುರುವಾರ, ಹನ್ನೆರಡು ಡಿಸೆಂಬರ್, ಎರಡ ಸಾವಿರದ ಇಪ್ಪತ್ತನಾಕು.”

“ಅದರ ಹಿಂದಿನ ದಿನಾ ನಾ ನನ್ನ ತಂಗಿ ಊರಿಗೆ ಸಿಂದಗಿಗೆ ಹೋಗಿದ್ದೆ. ಬುಧವಾರ. ಅವತ್ತ ಅಂವ ಏನ ಮಾಡ್ದ? ನಾ ನಿನ್ನ ಕೇಳಾಕ ಆಗಲೇ ಇಲ್ಲ.”

ಆ ಬುಧವಾರವನ್ನು ಭುವನೇಶ್ವರಿ ಈ ಒಂದು ವರ್ಷದಲ್ಲಿ ಮುಟ್ಟಿಯೇ ಇರಲಿಲ್ಲ. ಗುರುವಾರದ ಈಚೆಗಿನದಷ್ಟೇ ಅವಳಿಗಿತ್ತು. ಈಗ ಕೇಳಿದಾಗ ಅದು ಇದ್ದಲ್ಲೇ ಇತ್ತು.

“ಬಾಗೇವಾಡಿಂದ ಬರೂವಾಗ ಪ್ಯಾರಲ ಹಣ್ಣ ತಂದಿದ್ರು” ಎಂದಳು. “ಒಂದ ಚೀಲ. ಇಷ್ಟ ಯಾಕ ಅಂದೆ. ಸೋವಿ ಸಿಕ್ಕಾವ ಅಂದ್ರು. ಹೆಚ್ಚಿ ಉಪ್ಪು ಖಾರ ಹಚ್ಚಿ ತಂದ ಕೊಟ್ರು. ನನಗ ಫೋನ್ ಬಂದಿತ್ತು, ಗಿರಾಕಿದ್ದು. ಕೈಲೆ ಸನ್ನಿ ಮಾಡಿ ಇಡ್ರಿ ಅಂದೆ. ಅವ್ರು ಇಡಲಿಲ್ಲ. ನಾ ಮಾತಾಡಕೋತ ಇದ್ದಾಗ ಒಂದೊಂದ ಹೋಳ ನನ್ನ ಬಾಯಾಗ ಇಡಾಕತ್ರು. ಗಿರಾಕಿ ಏನೋ ಕೇಳ್ತಾನ, ನನ್ನ ಬಾಯಾಗ ಪ್ಯಾರಲ ಹಣ್ಣ. ನಗು ತಡಕೊಳ್ಳಾಕ ಆಗಲಿಲ್ಲ. ಆಮ್ಯಾಲ ಬೈದೆ.”

“ಬೈದೆಲ್ಲ, ಏನಂದ?”

“ಗಿರಾಕಿಗೂ ಒಂದ ಹೋಳ ಕಳಸ್ಲೇನು, ಅಂದ್ರು.”

ರುಕ್ಮವ್ವ ಫಕ್ಕನೆ ನಕ್ಕು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಸಣ್ಣಾಂವ ಇದ್ದಾಗಿಂದ ಹಂಗ ಅಂವ” ಎಂದಳು. ಭುವನೇಶ್ವರಿಯ ಕಣ್ಣು ಒಣಗಿಯೇ ಇತ್ತು. ಆದರೆ ಅವಳು ಪಕ್ಕದ ಗೋಡೆಗೆ ಕೈ ಊರಿದಳು.

ಜುಲ್ಫಿಕರ ಏಣಿಯ ಮೇಲಿಂದ, “ಸರಿ ಐತೇನ್ರಿ ಅಕ್ಕಾರ, ಎಡಕ್ಕ ಬಾಗೈತೇನು?” ಎಂದು ಕೇಳಿದ.

“ಸ್ವಲ್ಪ ಮ್ಯಾಲ ಎಳೀರಿ” ಎಂದಳು ಅವಳು.

ಅವನು ಎಳೆದು ಗಂಟು ಹಾಕಿದ. ರುಕ್ಮವ್ವ ಸೊಸೆಯ ಮೊಣಕೈ ಹಿಡಿದುಕೊಂಡು, “ಮತ್ತ? ಸಂಜಿಗೆ ಏನ ಉಂಡ?” ಎಂದು ಕೇಳಿದಳು.